ನ್ಯೂಟ್ರಿಷನ್ ಪ್ಲಾನ್: ಬೆಡ್ 12, 58 ವರ್ಷದ ಮಹಿಳೆ, 54 ಕೆಜಿ, ನಾಳೆ ಬೆಳಿಗ್ಗೆ 8ಕ್ಕೆ ದೊಡ್ಡ ಕರುಳಿನ ಬಲಭಾಗದ ಸರ್ಜರಿ

ಇವತ್ತು ರಾತ್ರಿ 9ರೊಳಗೆ ಮಾಮೂಲಿ ಊಟ, ಆಮೇಲೆ ಮಲಗೋವರೆಗೆ ಮಾಲ್ಟೋಡೆಕ್ಸ್‌ಟ್ರಿನ್ ಡ್ರಿಂಕ್ 800 ಎಂಎಲ್ (100 ಗ್ರಾಂ ಕಾರ್ಬ್) ನಿಧಾನಕ್ಕೆ ಕುಡೀಲಿ. ಬೆಳಿಗ್ಗೆ 5ಕ್ಕೆ ಎಬ್ಬಿಸಿ 400 ಎಂಎಲ್ (50 ಗ್ರಾಂ) ಕೊಡಿ, 6ಕ್ಕೆ ಲೋಟ ಖಾಲಿ ಆಗಿರ್ಬೇಕು, ಮುಗಿಸಿದ ಟೈಮ್ ಚಾರ್ಟಲ್ಲಿ ಬರೀರಿ, ಅನಸ್ತೇಶಿಯಾದವ್ರು ಅದನ್ನೇ ನೋಡೋದು. ಹಾಲು ಬೆರೆಸ್ಬೇಡಿ.

ಎಕ್ಸೆಪ್ಷನ್: ಶುಗರ್ ಇಲ್ಲ, ಗ್ಯಾಸ್ಟ್ರೋಪರೆಸಿಸ್ ಇಲ್ಲ, ಜೋರು ರಿಫ್ಲಕ್ಸ್ ಇಲ್ಲ, ಸ್ಕ್ಯಾನಲ್ಲಿ ಅಬ್‌ಸ್ಟ್ರಕ್ಷನ್ ಕಂಡಿಲ್ಲ, ಅದಕ್ಕೇ ಡ್ರಿಂಕ್ ಓಕೆ ಮಾಡಿದೀನಿ. ಆದ್ರೆ ಗಡ್ಡೆ ಇರೋ ಕರುಳು ಇದು, ರಾತ್ರಿ ವಾಂತಿ ಆದ್ರೆ, ಹೊಟ್ಟೆ ಉಬ್ಬಿದ್ರೆ ಡ್ರಿಂಕ್ ನಿಲ್ಲಿಸಿ ತಕ್ಷಣ ಸರ್ಜನ್‌ಗೆ ಮತ್ತೆ ಅನಸ್ತೇಶಿಯಾದವ್ರಿಗೆ ಫೋನ್ ಮಾಡಿ, ಬೆಳಿಗ್ಗೆವರೆಗೆ ಕಾಯಬೇಡಿ. ಕೇಸ್ ಲೇಟಾದ್ರೆ ಸುಮ್ನೆ ಉಪವಾಸ ಇರಿಸಬೇಡಿ, ಹೊಸ ಟೈಮ್ ಕೇಳ್ಕೊಂಡು ಅದಕ್ಕೆ 2 ಗಂಟೆ ಮುಂಚೆವರೆಗೆ ನೀರು ಕೊಡಿ.

ಸರ್ಜರಿ ಆದ್ಮೇಲೆ: ಪೂರ್ತಿ ಎಚ್ಚರ ಇದ್ದು ನುಂಗೋಕೆ ಆದ್ರೆ 4 ಗಂಟೆಯೊಳಗೆ ಗುಟುಕು ನೀರು. ಸಂಜೆ ಸಪ್ಲಿಮೆಂಟ್ 200 ಎಂಎಲ್, ಮಾರನೇ ದಿನದಿಂದ ಮೆತ್ತಗಿನ ಊಟ ಸ್ವಲ್ಪ ಸ್ವಲ್ಪ, ಜೊತೆಗೆ ಸಪ್ಲಿಮೆಂಟ್ ದಿನಕ್ಕೆ 2 ಸಲ. ಗ್ಯಾಸ್ ಪಾಸ್ ಆಗ್ಲಿ ಅಂತ ಊಟ ತಡೀಬೇಡಿ ದಯವಿಟ್ಟು, ಈ ಹಳೇ ಅಭ್ಯಾಸದಿಂದ ಪೇಷಂಟ್ ಸೊರಗೋದಷ್ಟೇ. ಟಾರ್ಗೆಟ್ ದಿನಕ್ಕೆ 1350 ಕ್ಯಾಲೊರಿ, ಪ್ರೋಟೀನ್ 80 ಗ್ರಾಂ, ಮೊದಲ ದಿನವೇ ಅಷ್ಟು ಆಗಲ್ಲ, ಬಲವಂತ ಬೇಡ.

ಪದೇ ಪದೇ ವಾಂತಿ, ಹೊಟ್ಟೆ ಬಿಗಿತ, ಹೊಲಿಗೆ ಲೀಕ್ ಅನುಮಾನ ಇದ್ರೆ ಊಟ ನಿಲ್ಲಿಸಿ ಸರ್ಜನ್ ನೋಡ್ಲಿ. ಬರೀ ವಾಕರಿಕೆ ಇದ್ರೆ ಔಷಧಿ ಕೊಟ್ಟು, ಪ್ರಮಾಣ ಕಮ್ಮಿ ಮಾಡಿ ಮತ್ತೆ ಟ್ರೈ ಮಾಡಿ. ತಿಂದಿದ್ದೆಷ್ಟು, ಬಿಟ್ಟಿದ್ದೆಷ್ಟು ಪ್ರತಿ ಊಟಕ್ಕೂ ಬರೀರಿ, ಮೂರನೇ ದಿನ ಅರ್ಧಕ್ಕಿಂತ ಕಮ್ಮಿ ಇದ್ರೆ ನನ್ನನ್ನ ಕರೀರಿ, ಟ್ಯೂಬ್ ಫೀಡ್ ಬೇಕಾ ಅಂತ ಕೂತು ನೋಡೋಣ.

– ವಾರ್ಡ್ ಡಯಟೀಷಿಯನ್