ಅನ್ಯಾಯದ ಕಾನೂನನ್ನು ಮುರಿಯುವುದು ಎಂದಾದರೂ ಸರಿಯೇ? – ಪ್ರಬಂಧದ ರೂಪುರೇಷೆ

ಪದವಿ ಕಾಲೇಜು ಪ್ರಬಂಧ ಸ್ಪರ್ಧೆ, ಕಲಬುರಗಿ

ಆರಂಭ: 1947ರ ಆಗಸ್ಟ್ 15. ದೆಹಲಿಯಲ್ಲಿ ಸಂಭ್ರಮ; ನಿಜಾಮನ ಆಳ್ವಿಕೆಯ ನಮ್ಮ ನೆಲದಲ್ಲಿ ತ್ರಿವರ್ಣ ಧ್ವಜ ಹಾರಿಸುವುದೇ ಅಪರಾಧ. ಹಾರಿಸಿದವರು ತಪ್ಪಿತಸ್ಥರೇ?

ನಿಲುವು: ಸರಿ, ಆದರೆ ಷರತ್ತಿನೊಂದಿಗೆ.

ಮುಖ್ಯ ವಾದ (ಅರ್ಧ ಪ್ರಬಂಧ ಇದಕ್ಕೇ): ಕಾನೂನುಭಂಗ ಬಹಿರಂಗವಾಗಿರಬೇಕು, ಅಹಿಂಸೆಯಿಂದ ಕೂಡಿರಬೇಕು, ಶಿಕ್ಷೆಗೆ ಸಿದ್ಧವಿರಬೇಕು. ದಂಡಿಯಲ್ಲಿ ಗಾಂಧೀಜಿ ಮೊದಲೇ ವೈಸ್‌ರಾಯ್‌ಗೆ ಪತ್ರ ಬರೆದು ಉಪ್ಪು ಎತ್ತಿದರು. 1922ರ ರಾಜದ್ರೋಹ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡು ಗರಿಷ್ಠ ಶಿಕ್ಷೆಯನ್ನೇ ಕೇಳಿದರು; ಆರು ವರ್ಷ ಸಿಕ್ಕಿತು. ತೆರಿಗೆಗಳ್ಳನೂ ಕಾನೂನು ಮುರಿಯುತ್ತಾನೆ, ಆದರೆ ಕದ್ದುಮುಚ್ಚಿ. ಕಾನೂನುಭಂಗದ ಬಗ್ಗೆ ಬರೆದ ಅಮೆರಿಕದ ಚಿಂತಕ ಥೋರೋಗೆ ಒಂದೇ ಸಾಲು ಸಾಕು.

ಎದುರು ವಾದ: 1949ರ ನವೆಂಬರ್ 25ರಂದು ಅಂಬೇಡ್ಕರ್, ಸಂವಿಧಾನದ ದಾರಿ ತೆರೆದಿರುವಾಗ ಸತ್ಯಾಗ್ರಹ ‘ಅರಾಜಕತೆಯ ವ್ಯಾಕರಣ’ ಎಂದರು. ಇದನ್ನು ತಳ್ಳಿಹಾಕುವಂತಿಲ್ಲ. ಉತ್ತರ: ನ್ಯಾಯಾಲಯ, ಮತಪೆಟ್ಟಿಗೆ ಮೊದಲು, ಅವು ನಿಜಕ್ಕೂ ಮುಚ್ಚಿದ್ದರೆ ಮಾತ್ರ ಭಂಗ. ನಿಜಾಮನ ಪ್ರಜೆಗಳಿಗೆ ಅವನನ್ನು ಕೆಳಗಿಳಿಸುವ ಮತವೇ ಇರಲಿಲ್ಲ.

ತೊಡಕು: ಪಟೇಲ್ ವೃತ್ತದಲ್ಲಿ ರಸ್ತೆ ತಡೆದರೆ? ಮುರಿದದ್ದು ಸಂಚಾರ ನಿಯಮ, ಅದೇನೂ ಅನ್ಯಾಯದ್ದಲ್ಲ. ಆಂಬುಲೆನ್ಸ್‌ನಲ್ಲಿರುವ ರೋಗಿಗೆ ಬೆಲೆ ತೆರುವಂತೆ ಮಾಡುವ ಪ್ರತಿಭಟನೆಯನ್ನು ನಾನು ಸಮರ್ಥಿಸುವುದಿಲ್ಲ.