ನಮ್ಮ ಕೆಲಸ, ನಮ್ಮವರ ಮಾತಲ್ಲಿ: ಯೋಜನೆಯ ಕರಡು

ಇವರಿಗೆ: ಪ್ರಧಾನ ವ್ಯವಸ್ಥಾಪಕರು
ಇಂದ: ಮಾನವ ಸಂಪನ್ಮೂಲ ವಿಭಾಗ, ಉದ್ಯಮಬಾಗ, ಬೆಳಗಾವಿ

ಮಾನ್ಯರೇ,

ಐಟಿಐ ಮುಗಿಸಿದವರು ಕೆಲಸ ಹುಡುಕಿಕೊಂಡು ಪುಣೆಯ ಬಸ್ಸು ಹತ್ತುತ್ತಾರೆ. ಊರಲ್ಲೇ ಹೈಡ್ರಾಲಿಕ್ ವಾಲ್ವಿನ ಎರಕ ಹೊಯ್ದು, ಸಿಎನ್‌ಸಿ ಮೇಲೆ ಮೈಕ್ರಾನ್ ಲೆಕ್ಕದಲ್ಲಿ ಫಿನಿಶ್ ಮಾಡುವ ಕೆಲಸ ಇದೆ ಅನ್ನುವುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಅದನ್ನು ನಂಬುವಂತೆ ಹೇಳಬಲ್ಲವರು ನಮ್ಮ 380 ನೌಕರರೇ. ಅವರು ತಮ್ಮ ಕೆಲಸದ ಬಗ್ಗೆ ವಾಟ್ಸಾಪ್, ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್‌ನಲ್ಲಿ ಮಾತಾಡಲು ಅನುವಾಗುವಂತೆ ಈ ಯೋಜನೆ ರೂಪಿಸಿದ್ದೇವೆ.

ಇದು ಸಂಪೂರ್ಣ ಸ್ವಇಚ್ಛೆಯದಾಗಿರಬೇಕು. ವಾರಕ್ಕೆ ಇಷ್ಟು ಪೋಸ್ಟ್ ಎಂಬ ಗುರಿ ಬೇಡ. ಯಾರು ಹಂಚಿದರು, ಯಾರು ಬಿಟ್ಟರು ಎಂಬುದು ಅಪ್ರೈಸಲ್‌ಗೆ ಬರಕೂಡದು. ಸೂಪರ್‌ವೈಸರ್ ಪಕ್ಕದಲ್ಲಿ ನಿಂತು ಲೈಕ್ ಒತ್ತಿಸಿದರೆ ಅದು ಹಾಜರಿ ಪುಸ್ತಕವಾಗುತ್ತದೆ, ಓದುವವರಿಗೂ ತಿಳಿಯುತ್ತದೆ.

ಮೊದಲ ಮೂರು ತಿಂಗಳು ಪ್ಯಾಟರ್ನ್ ಶಾಪ್, ಮೋಲ್ಡಿಂಗ್, ಮಶೀನ್ ಶಾಪ್, ಕ್ವಾಲಿಟಿ ವಿಭಾಗಗಳಿಂದ ಮುಂದೆ ಬಂದ ಹನ್ನೆರಡು ಜನರೊಂದಿಗೆ ಆರಂಭಿಸೋಣ. ಅವರಲ್ಲಿ ಹೊಸ ಅಪ್ರೆಂಟಿಸ್ ಕೂಡ ಇರಲಿ, ಇಪ್ಪತ್ತು ವರ್ಷ ಮರಳು ಕಲಸಿದ ಹಿರಿಯರೂ ಇರಲಿ. ಬರೆದುಕೊಟ್ಟ ವಾಕ್ಯಗಳನ್ನು ನಕಲು ಮಾಡಿಸುವುದಿಲ್ಲ. ಎರಕದಲ್ಲಿ ಗಾಳಿಗುಳ್ಳೆ ಯಾಕೆ ಬರುತ್ತದೆ, ಮರಳಿನ ತೇವವನ್ನು ಹೇಗೆ ಪರೀಕ್ಷಿಸುತ್ತಾರೆ, ಮೊದಲ ಪೀಸ್ ಪಾಸಾದಾಗ ಏನನ್ನಿಸಿತು ಎಂಬುದನ್ನು ಅವರೇ ಕನ್ನಡದಲ್ಲೋ ಮರಾಠಿಯಲ್ಲೋ ಹೇಳಲಿ. ಬರೆಯಲು ಹಿಂಜರಿಯುವವರ ಮಾತನ್ನು ನಮ್ಮ ವಿಭಾಗ ರೆಕಾರ್ಡ್ ಮಾಡಿಕೊಡುತ್ತದೆ. ಇದಕ್ಕೆ ತಗಲುವ ಸಮಯ ಡ್ಯೂಟಿಯೆಂದೇ ಲೆಕ್ಕವಾಗಬೇಕು.

ಕೆಲವು ಗಡಿಗಳನ್ನು ಮೀರುವಂತಿಲ್ಲ. ಗ್ರಾಹಕರ ಡ್ರಾಯಿಂಗ್, ಪಾರ್ಟ್ ನಂಬರ್, ದರ ಎಲ್ಲೂ ಕಾಣಿಸಬಾರದು. ಕರಗಿದ ಲೋಹ ಹೊಯ್ಯುವ ಜಾಗದಲ್ಲಿ ಮೊಬೈಲ್ ತೆಗೆಯುವುದು ನಿಷಿದ್ಧ. ಅಲ್ಲಿನ ಚಿತ್ರವನ್ನು ಸೇಫ್ಟಿ ಅಧಿಕಾರಿಯ ಒಪ್ಪಿಗೆಯೊಂದಿಗೆ ದೂರದಿಂದ ನಾವೇ ತೆಗೆಯುತ್ತೇವೆ. ಸಹೋದ್ಯೋಗಿಯ ಮುಖ ಬರುವುದಾದರೆ ಅವರ ಅನುಮತಿ ಬೇಕು. ಗ್ರಾಹಕ ವ್ಯವಹಾರಗಳ ಇಲಾಖೆಯ 2023ರ ಮಾರ್ಗಸೂಚಿಯ ಪ್ರಕಾರ ಪ್ರಚಾರ ಮಾಡುವವರು ಸಂಸ್ಥೆಯೊಂದಿಗಿನ ಸಂಬಂಧವನ್ನು ಮುಚ್ಚಿಡಬಾರದು. ಆದ್ದರಿಂದ ಪ್ರತಿ ಪೋಸ್ಟಿನಲ್ಲೂ ‘ನಾನು ಇಲ್ಲಿ ಕೆಲಸ ಮಾಡುತ್ತೇನೆ’ ಎಂದು ಸ್ಪಷ್ಟವಾಗಿರಲಿ.

ಇದಕ್ಕೂ ಮೊದಲು ಒಂದು ಕೆಲಸವಿದೆ. ಫೆಟ್ಲಿಂಗ್ ವಿಭಾಗದವರು ಧೂಳು ಹೀರುವ ಯಂತ್ರದ ಬಗ್ಗೆ, ರಾತ್ರಿ ಪಾಳಿಯವರು ಕ್ಯಾಂಟೀನ್ ಊಟದ ಬಗ್ಗೆ ಕೊಟ್ಟ ಅರ್ಜಿಗಳು ಇನ್ನೂ ಇತ್ಯರ್ಥವಾಗಿಲ್ಲ. ಅವರ ಮಾತು ಕೇಳದೆ, ಹೊರಗೆ ನಮ್ಮ ಪರವಾಗಿ ಮಾತಾಡಿ ಎನ್ನುವುದು ನ್ಯಾಯವಲ್ಲ. ಆ ಎರಡೂ ಅರ್ಜಿಗಳು ಬಗೆಹರಿದ ಮೇಲೆಯೇ ಯೋಜನೆ ಆರಂಭವಾಗಲಿ ಎಂಬುದು ನಮ್ಮ ದೃಢ ಅಭಿಪ್ರಾಯ.

ಫಲವನ್ನು ಲೈಕ್‌ಗಳಿಂದ ಅಳೆಯುವುದಿಲ್ಲ. ಸಂದರ್ಶನಕ್ಕೆ ಬಂದವರಲ್ಲಿ ನೌಕರರ ಮೂಲಕ ತಿಳಿದು ಬಂದವರೆಷ್ಟು, ಹಾಗೆ ಸೇರಿದವರಲ್ಲಿ ಆರು ತಿಂಗಳು ಉಳಿದವರೆಷ್ಟು ಎಂದು ಬರೆದಿಡುತ್ತೇವೆ. ಪ್ರತಿಫಲವಾಗಿ ಹಣ ಬೇಡ. ಆಸಕ್ತರಿಗೆ ಫೋಟೋ, ವಿಡಿಯೋ ತರಬೇತಿ ಕೊಡಿಸೋಣ.

ತರಬೇತಿ ಮತ್ತು ಒಂದು ಕ್ಯಾಮೆರಾಕ್ಕೆ 85,000 ರೂಪಾಯಿ ಹಾಗೂ ಮೇಲಿನ ಎರಡು ಅರ್ಜಿಗಳ ವಿಲೇವಾರಿಗೆ ದಿನಾಂಕ ನಿಗದಿಪಡಿಸಿ ಮಂಜೂರಾತಿ ನೀಡಬೇಕೆಂದು ಕೋರುತ್ತೇವೆ.