ವಿಷಯ: ಹಿರಿಯ ಕ್ವಾಲಿಟಿ ಇನ್ಸ್‌ಪೆಕ್ಟರ್ ಹುದ್ದೆಯ ಆಫರ್ ಹಿಂಪಡೆಯುತ್ತಿರುವ ಬಗ್ಗೆ

ಮಾನವ ಸಂಪನ್ಮೂಲ ವಿಭಾಗ
ಪೀಣ್ಯ ಘಟಕ, ಬೆಂಗಳೂರು
ದಿನಾಂಕ: 27 ಅಕ್ಟೋಬರ್ 2025

ಗೋಪ್ಯ: ಸ್ವತಃ ವಿಳಾಸದಾರರಿಗೆ

ಶ್ರೀ ಬಸವರಾಜ ಅವರಿಗೆ,

ನಮಸ್ಕಾರ.

ಅಕ್ಟೋಬರ್ 6ರಂದು ನಿಮಗೆ ಕಳುಹಿಸಿದ್ದ ಆಫರ್ ಲೆಟರ್ ಅನ್ನು ಕಂಪನಿ ಹಿಂಪಡೆಯುತ್ತಿದೆ. ಹಾಗಾಗಿ ನವೆಂಬರ್ 3ರಂದು ನೀವು ಕೆಲಸಕ್ಕೆ ಹಾಜರಾಗಬೇಕಿಲ್ಲ. ನಿರ್ಧಾರವನ್ನು ಇಂದು ಬೆಳಿಗ್ಗೆ ಫೋನಿನಲ್ಲಿ ತಿಳಿಸಿದ್ದೇನೆ. ಅದರ ಹಿಂದಿನ ಕಾರಣಗಳು ನಿಮ್ಮ ಕೈಯಲ್ಲಿ ಲಿಖಿತವಾಗಿ ಇರಬೇಕೆಂದು ಈ ಪತ್ರ. ಆಫರ್ ಲೆಟರ್ ಇಂಗ್ಲಿಷಿನಲ್ಲಿತ್ತು. ನಮ್ಮ ನಿಮ್ಮ ಮಾತುಕತೆಯೆಲ್ಲ ಕನ್ನಡದಲ್ಲೇ ನಡೆದಿದ್ದರಿಂದ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆಫರ್ ಲೆಟರಿನ 9ನೇ ಷರತ್ತಿನ ಪ್ರಕಾರ, ನೀವು ಕೊಟ್ಟ ವಿದ್ಯಾರ್ಹತೆ ಮತ್ತು ಅನುಭವದ ವಿವರಗಳು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಸರಿಹೊಂದಿದರೆ ಮಾತ್ರ ನೇಮಕಾತಿ ಖಚಿತವಾಗುತ್ತದೆ. ಅದರಂತೆ ನಿಮ್ಮ ಒಪ್ಪಿಗೆ ಪಡೆದು ಪರಿಶೀಲನೆ ನಡೆಸಿದೆವು. ನಿಮ್ಮ ಮೆಕ್ಯಾನಿಕಲ್ ಡಿಪ್ಲೊಮಾ, ವಿಳಾಸ, ಗುರುತಿನ ದಾಖಲೆ, ಪೊಲೀಸ್ ವೆರಿಫಿಕೇಶನ್ ಎಲ್ಲವೂ ಸರಿಯಾಗಿವೆ. ವ್ಯತ್ಯಾಸ ಕಂಡುಬಂದದ್ದು ಅನುಭವದ ಅವಧಿಯೊಂದರಲ್ಲಿ.

ಬೆಳಗಾವಿಯ ಉದ್ಯಮಬಾಗ್‌ನ ಮಷೀನ್ ಶಾಪ್‌ನಲ್ಲಿ ಜುಲೈ 2021ರಿಂದ ಮೇ 2025ರವರೆಗೆ, ಮಧ್ಯೆ ಬಿಡುವಿಲ್ಲದೆ, ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿ ಕೆಲಸ ಮಾಡಿದ್ದಾಗಿ ಅರ್ಜಿ ನಮೂನೆಯಲ್ಲಿ ನೀವು ಬರೆದಿದ್ದೀರಿ. ಜೊತೆಗೆ ಕೊಟ್ಟ ರಿಲೀವಿಂಗ್ ಲೆಟರ್ ಕೂಡ ಅದನ್ನೇ ಹೇಳುತ್ತದೆ. ಆದರೆ ನಿಮ್ಮ ಯುಎಎನ್ ಅಡಿಯಲ್ಲಿರುವ ಪಿಎಫ್ ಸರ್ವಿಸ್ ಹಿಸ್ಟರಿಯಲ್ಲಿ ಆ ಕಾರ್ಖಾನೆಯ ಹೆಸರಿರುವುದು ಸೆಪ್ಟೆಂಬರ್ 2022ರವರೆಗೆ ಮಾತ್ರ. ಅಲ್ಲಿಂದ ಮಾರ್ಚ್ 2024ರವರೆಗೆ ಯಾರ ಹೆಸರಿನಲ್ಲೂ ವಂತಿಗೆ ಕಟ್ಟಿಲ್ಲ. ಏಪ್ರಿಲ್ 2024ರಿಂದ ಮೇ 2025ರವರೆಗೆ ಒಬ್ಬ ಲೇಬರ್ ಕಾಂಟ್ರಾಕ್ಟರ್ ಹೆಸರಿನಲ್ಲಿ ಕಟ್ಟಲಾಗಿದೆ.

ಪಿಎಫ್ ಕಟ್ಟಿಲ್ಲ ಎಂದಮಾತ್ರಕ್ಕೆ ಕೆಲಸ ಮಾಡಿಲ್ಲ ಎಂದು ನಾವು ತೀರ್ಮಾನಿಸಿಲ್ಲ. ಆಳುಗಳಿಂದ ದುಡಿಸಿಕೊಂಡು ಪಿಎಫ್ ಕಟ್ಟದ ಕಾಂಟ್ರಾಕ್ಟರ್‌ಗಳು ಪೀಣ್ಯದಲ್ಲೂ ಇದ್ದಾರೆ, ಅದು ನಮಗೆ ಗೊತ್ತಿದೆ. ಆದ್ದರಿಂದಲೇ ನೇರವಾಗಿ ಕಾರ್ಖಾನೆಯನ್ನು ಕೇಳಿದೆವು. ನೀವು ಅಲ್ಲಿ 30 ಸೆಪ್ಟೆಂಬರ್ 2022ರವರೆಗೆ ಟ್ರೈನಿ ಆಗಿದ್ದಿರಿ ಎಂದೂ, 2024ರ ಏಪ್ರಿಲ್‌ನಿಂದ ಕಾಂಟ್ರಾಕ್ಟರ್ ಕಡೆಯಿಂದ ಡಿಸ್ಪ್ಯಾಚ್ ವಿಭಾಗದಲ್ಲಿ ಇದ್ದಿರಿ ಎಂದೂ ಅವರು ಬರೆದಿದ್ದಾರೆ. ರಿಲೀವಿಂಗ್ ಲೆಟರ್ ತಾವು ಕೊಟ್ಟದ್ದಲ್ಲ, ಅದರ ಮೇಲಿನ ಕ್ರಮಸಂಖ್ಯೆ ಬೇರೊಬ್ಬ ನೌಕರರ ಪತ್ರದ್ದು ಎಂದೂ ತಿಳಿಸಿದ್ದಾರೆ.

ಇದನ್ನು ಅಕ್ಟೋಬರ್ 15ರಂದು ಇಮೇಲ್‌ನಲ್ಲಿ ನಿಮ್ಮ ಗಮನಕ್ಕೆ ತಂದೆವು, 17ರಂದು ಫೋನಿನಲ್ಲೂ ಮಾತನಾಡಿದೆವು. 18ರಂದು ನೀವು ಕಳುಹಿಸಿದ ವಿವರಣೆಯನ್ನು ನಾನೂ ಕ್ವಾಲಿಟಿ ವಿಭಾಗದ ಮುಖ್ಯಸ್ಥರೂ ಓದಿದ್ದೇವೆ. ತಂದೆಯವರ ಆರೋಗ್ಯ ಕೆಟ್ಟು ಊರಿಗೆ ಹೋಗಿ ಹೊಲಮನೆ ನೋಡಿಕೊಳ್ಳಬೇಕಾಯಿತು, ನಡುವೆ ಕೆಲವು ತಿಂಗಳು ಅದೇ ಕಾರ್ಖಾನೆಯಲ್ಲಿ ದಿನಗೂಲಿಗೆ ಇನ್ಸ್‌ಪೆಕ್ಷನ್ ಕೆಲಸ ಮಾಡಿದೆ, ರಿಲೀವಿಂಗ್ ಲೆಟರ್ ಮಾಡಿಸಿಕೊಟ್ಟದ್ದು ಒಂದು ಕನ್ಸಲ್ಟೆನ್ಸಿ ಎಂದು ಬರೆದಿದ್ದೀರಿ. ದಿನಗೂಲಿ ಕೆಲಸಕ್ಕೆ ಏನಾದರೂ ಆಧಾರವಿದ್ದರೆ, ಅಂದರೆ ಕೂಲಿ ಚೀಟಿ, ಗೇಟ್ ಪಾಸ್, ಇಎಸ್‌ಐ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಇಂಥದ್ದು ಯಾವುದಾದರೂ, ಕಳುಹಿಸಿ ಎಂದು ಕೇಳಿದೆವು. ಬಂದದ್ದು ಏಪ್ರಿಲ್ 2024ರ ನಂತರದ ಪಾಸ್‌ಬುಕ್ ಪುಟಗಳು ಮಾತ್ರ. ದೀಪಾವಳಿ ಕಳೆದ ಮೇಲೆ ಕಾರ್ಖಾನೆಯನ್ನು ಮತ್ತೊಮ್ಮೆ ಕೇಳಿದೆವು. 24ರಂದು ಅವರು ಹಿಂದಿನ ಉತ್ತರವನ್ನೇ ಖಚಿತಪಡಿಸಿದರು.

ಯಾವ ಆಧಾರದ ಮೇಲೆ ನಿರ್ಧಾರ ಆಗಿದೆ, ಯಾವುದರ ಮೇಲೆ ಆಗಿಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ರಿಲೀವಿಂಗ್ ಲೆಟರ್ ಯಾರು ತಯಾರಿಸಿದರು, ಅದರಲ್ಲೇನಿದೆ ಎಂದು ನಿಮಗೆ ಎಷ್ಟು ಗೊತ್ತಿತ್ತು ಎಂಬುದನ್ನು ತೀರ್ಮಾನಿಸುವ ಅಧಿಕಾರವೂ ನಮಗಿಲ್ಲ, ಪುರಾವೆಯೂ ನಮ್ಮ ಬಳಿ ಇಲ್ಲ. ಆ ಬಗ್ಗೆ ನಿಮ್ಮ ಮೇಲೆ ಯಾವ ಆರೋಪವನ್ನೂ ಕಂಪನಿ ಹೊರಿಸುತ್ತಿಲ್ಲ. ಮನೆಯ ಕಷ್ಟಕ್ಕಾಗಿ ಕೆಲಸ ಬಿಟ್ಟು ಕೂತದ್ದನ್ನಾಗಲಿ, ಕಾಂಟ್ರಾಕ್ಟ್ ಕೆಲಸವನ್ನಾಗಲಿ ನಾವು ಕುಂದೆಂದು ಎಣಿಸಿಲ್ಲ. ಒಂದೂವರೆ ವರ್ಷ ಊರಲ್ಲಿದ್ದೆ ಎಂದು ಸಂದರ್ಶನದಲ್ಲಿ ಹೇಳಿದ್ದರೆ ಅದು ಅಲ್ಲಿಗೇ ಮುಗಿಯುವ ಮಾತಾಗಿತ್ತು. ನಮ್ಮ ಶಾಪ್ ಫ್ಲೋರ್‌ನಲ್ಲಿ ಅಂಥ ಗ್ಯಾಪ್ ಇರುವವರು ಎಷ್ಟೋ ಜನ ಇದ್ದಾರೆ.

ನಿರ್ಧಾರಕ್ಕೆ ಕಾರಣ ಎರಡು. ಅರ್ಜಿ ನಮೂನೆಯನ್ನು ನೀವೇ ಕೈಯಾರೆ ತುಂಬಿ ಸಹಿ ಹಾಕಿದ್ದೀರಿ. ಅದರಲ್ಲಿನ ತಾರೀಖುಗಳು ಈಗ ನೀವೇ ಕೊಟ್ಟಿರುವ ವಿವರಣೆಗೂ ಹೊಂದುವುದಿಲ್ಲ. ಇನ್ನೊಂದು, ಈ ಹುದ್ದೆಗೆ ಇನ್ಸ್‌ಪೆಕ್ಷನ್‌ನಲ್ಲಿ ಕನಿಷ್ಠ 3 ವರ್ಷದ ಅನುಭವ ಬೇಕು. ದಾಖಲೆಯಿಂದ ದೃಢಪಟ್ಟಿರುವುದು ಟ್ರೈನಿ ಆಗಿದ್ದ 15 ತಿಂಗಳು. ತುಮಕೂರಿನ ಈಗಿನ ಕೆಲಸದ ಐದು ತಿಂಗಳನ್ನು ನಿಮ್ಮ ಮಾತಿನ ಮೇಲೆಯೇ ಸೇರಿಸಿಕೊಂಡರೂ 3 ವರ್ಷ ಆಗುವುದಿಲ್ಲ. ಹಿರಿಯ ಇನ್ಸ್‌ಪೆಕ್ಟರ್ ಸಹಿ ಹಾಕಿದ ರಿಪೋರ್ಟ್ ನಂಬಿ ಬ್ರೇಕಿನ ಬಿಡಿಭಾಗಗಳು ಲಾರಿ ಹತ್ತುತ್ತವೆ. ಆಡಿಟ್‌ಗೆ ಬರುವ ಗ್ರಾಹಕರು ಸಹಿ ಹಾಕಿದವರ ಅನುಭವದ ದಾಖಲೆಯನ್ನೂ ಕೇಳುತ್ತಾರೆ. ಇಲ್ಲಿ ರಿಯಾಯಿತಿ ಕೊಡಲು ಅವಕಾಶವಿರಲಿಲ್ಲ.

ಟ್ರೇಡ್ ಟೆಸ್ಟ್‌ನಲ್ಲಿ ಬೋರ್ ಗೇಜ್ ಹಿಡಿದು ಅಳೆದು, ಬೋರ್ ಅಂಡಾಕಾರವಾಗಿದೆ ಎಂದು ಪತ್ತೆ ಹಚ್ಚಿದವರು ಆ ದಿನ ನೀವೊಬ್ಬರೇ. ನಿಮ್ಮ ಕೈಕೆಲಸದ ಬಗ್ಗೆ ನಮ್ಮ ಅಭಿಪ್ರಾಯ ಬದಲಾಗಿಲ್ಲ. ಒಂದು ವರ್ಷದ ಅನುಭವ ಸಾಕಾಗುವ ಜೂನಿಯರ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ಮೇ 2026ರ ನಂತರ ನೀವು ಅರ್ಜಿ ಹಾಕಬಹುದು. ಈ ಪ್ರಕರಣವನ್ನು ಮುಂದಿಟ್ಟುಕೊಂಡು ಆ ಅರ್ಜಿಯನ್ನು ತಿರಸ್ಕರಿಸುವುದಿಲ್ಲ. ನಿಜವಾದ ತಾರೀಖುಗಳನ್ನು, ಗ್ಯಾಪ್ ಸಮೇತ, ಬರೆದರೆ ಸಾಕು.

ಈ ನಿರ್ಧಾರ ತಪ್ಪೆನಿಸಿದರೆ, ಅಥವಾ ಹೊಸ ದಾಖಲೆ ಸಿಕ್ಕರೆ, ನವೆಂಬರ್ 11ರೊಳಗೆ ಘಟಕದ ಜನರಲ್ ಮ್ಯಾನೇಜರ್ ಅವರಿಗೆ ಬರೆಯಿರಿ. ಈ ತೀರ್ಮಾನದಲ್ಲಿ ಅವರು ಪಾಲ್ಗೊಂಡಿಲ್ಲ. ಅಲ್ಲಿಯವರೆಗೆ ಆ ಹುದ್ದೆಗೆ ಬೇರೆಯವರನ್ನು ತೆಗೆದುಕೊಳ್ಳುವುದಿಲ್ಲ. ಆ ತಿಂಗಳುಗಳಲ್ಲಿ ನಿಜಕ್ಕೂ ದುಡಿದೂ ಪಿಎಫ್ ಕಟ್ಟಿರದಿದ್ದರೆ ಇಪಿಎಫ್‌ಒ ದೂರು ಪೋರ್ಟಲ್‌ನಲ್ಲಿ ದೂರು ಕೊಡಬಹುದು. ನಮ್ಮ ನಿರ್ಧಾರ ಏನೇ ಇರಲಿ, ಆ ಹಣ ನಿಮ್ಮದು.

ನೀವು ಕೇಳಿಕೊಂಡಂತೆ ತುಮಕೂರಿನ ಈಗಿನ ಮಾಲೀಕರನ್ನು ನಾವು ಸಂಪರ್ಕಿಸಿಲ್ಲ, ಮುಂದೆಯೂ ಸಂಪರ್ಕಿಸುವುದಿಲ್ಲ. ಇನ್ನೂ ರಾಜೀನಾಮೆ ಕೊಟ್ಟಿಲ್ಲ ಎಂದು 17ರಂದು ಹೇಳಿದ್ದಿರಿ. ದಯವಿಟ್ಟು ಕೊಡಬೇಡಿ. ನೀವು ನಮ್ಮಲ್ಲಿ ಸೇರಿಯೇ ಇಲ್ಲದ್ದರಿಂದ ಇದು ವಜಾ ಅಲ್ಲ. ಕೆಲಸದಿಂದ ತೆಗೆದಿದ್ದಾರೆಯೇ ಎಂದು ಮುಂದೆ ಯಾವ ಅರ್ಜಿಯಲ್ಲಿ ಕೇಳಿದರೂ ಈ ಪ್ರಕರಣಕ್ಕೆ ಸಂಬಂಧಿಸಿ ‘ಇಲ್ಲ’ ಎಂದೇ ಬರೆಯಬಹುದು. ಪರಿಶೀಲನೆಯಲ್ಲಿ ತಿಳಿದುಬಂದದ್ದನ್ನು ಬೇರೆ ಕಂಪನಿಗಾಗಲಿ, ಕನ್ಸಲ್ಟೆನ್ಸಿಗಾಗಲಿ ನಾವು ಹೇಳುವುದಿಲ್ಲ. ಮೇಲ್ಮನವಿಯ ಅವಧಿ ಮುಗಿದ ಮೇಲೆ ನಿಮ್ಮ ದಾಖಲೆಗಳ ಪ್ರತಿಗಳನ್ನು ನಾಶಪಡಿಸಿ ಇಮೇಲ್ ಮೂಲಕ ತಿಳಿಸುತ್ತೇವೆ. ಈ ಪತ್ರದ ಒಂದು ಪ್ರತಿ ಮಾತ್ರ ಕಡತದಲ್ಲಿರುತ್ತದೆ.

ಮೆಡಿಕಲ್ ಟೆಸ್ಟ್‌ಗೆ ನೀವು ಕೊಟ್ಟ 1,850 ರೂಪಾಯಿ ಮತ್ತು ಎರಡು ಬಾರಿ ತುಮಕೂರಿನಿಂದ ಬಂದು ಹೋದ ಬಸ್ ಚಾರ್ಜ್ ನವೆಂಬರ್ 5ರೊಳಗೆ ನಿಮ್ಮ ಖಾತೆಗೆ ಜಮಾ ಆಗುತ್ತದೆ. ಬಸ್ ಟಿಕೆಟ್ ಇಲ್ಲದಿದ್ದರೂ ಪರವಾಗಿಲ್ಲ.

ಏನಾದರೂ ಕೇಳಬೇಕಿದ್ದರೆ ನೇರವಾಗಿ ನನಗೇ ಫೋನ್ ಮಾಡಿ, ನಂಬರ್ ನಿಮ್ಮ ಬಳಿ ಇದೆ. ಪತ್ರ ತಲುಪಿದ್ದಕ್ಕೆ ಒಂದು ಸಾಲಿನ ಇಮೇಲ್ ಕಳುಹಿಸಿ. ಹಾಗೆ ಬರೆದರೆ ತಲುಪಿದೆ ಎಂದಷ್ಟೇ ಅರ್ಥ, ಇದರಲ್ಲಿರುವುದನ್ನು ಒಪ್ಪಿದಂತೆ ಅಲ್ಲ.

ಇಂತಿ,

(ಸಹಿ)
ವ್ಯವಸ್ಥಾಪಕಿ, ಮಾನವ ಸಂಪನ್ಮೂಲ ವಿಭಾಗ

ಲಗತ್ತು: ವೆರಿಫಿಕೇಶನ್ ವರದಿಯ ಪ್ರತಿ, ಕಾರ್ಖಾನೆಯ ಎರಡು ಉತ್ತರಗಳ ಪ್ರತಿ (ಬೇರೆ ನೌಕರರ ಹೆಸರು ಮರೆಮಾಡಲಾಗಿದೆ), ನೀವು ಸಹಿ ಮಾಡಿದ ಅರ್ಜಿ ನಮೂನೆಯ ಪ್ರತಿ